ಕುರ್ಚಿ ಕಸರತ್ತಿಗೆ ನಾನು ಕೊಟ್ಟ ದನಿ

ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದ ಮಹಾನುಭಾವ ಒಂದು ದಿನವೂ ರೇಡಿಯೋದಲ್ಲಿ ಕೆಲಸ ಮಾಡಿದವನಲ್ಲ. ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಲಬುರಗಿಯಲ್ಲಿ ಅರೆಕಾಲಿಕ ಉದ್ಘೋಷಕನಾಗಿದ್ದವನು. ಮೈಕಿನ ಮುಂದೆ ನಾಲ್ಕು ಸೆಕೆಂಡು ಸುಮ್ಮನಿದ್ದರೆ ಪಕ್ಕದ ಕೋಣೆಯಿಂದ ಫೋನು ಬರುತ್ತಿತ್ತು. ಹಾಡಿನ ಡಿಸ್ಕ್ ಸಿಗದಿದ್ದರೆ ಹವಾಮಾನ ಹೇಳು, ಹವಾಮಾನದ ಕಾಗದ ಸಿಗದಿದ್ದರೆ ತೊಗರಿ ಬೆಳೆಗೆ ಶುಭ ಹಾರೈಸು, ಒಟ್ಟಿನಲ್ಲಿ ಬಾಯಿ ಮುಚ್ಚಬೇಡ. ಈ ವಿದ್ಯೆಯನ್ನು ನಾನು ಮನೆಗೂ ತಂದಿದ್ದೆ. ಊಟಕ್ಕೆ ಕೂತರೆ ರೊಟ್ಟಿ ತಟ್ಟೆಗೆ ಬೀಳುವುದಕ್ಕೂ ನಾನು ಅದನ್ನು ಮುರಿಯುವುದಕ್ಕೂ ನಡುವೆ ಒಂದು ಭಾಷಣ ಮುಗಿದಿರುತ್ತಿತ್ತು.

ಹೆಂಡತಿ ಕಮಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ದಿನಾ ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹತ್ತಿ ಹೋಗಿ, ಸಂಜೆ ಬಸ್ಸು ಹತ್ತಿ ಬರುವವಳು. ಇಪ್ಪತ್ತೆರಡು ವರ್ಷದ ಸರ್ವಿಸು. ಶಿರಸ್ತೇದಾರಳಾಗುವ ಬಡ್ತಿ ಪಟ್ಟಿಯಲ್ಲಿ ಅವಳ ಹೆಸರು ಮೇಲಕ್ಕೆ ಬಂದಿತ್ತು. ಅದೇ ಹೊತ್ತಿಗೆ ಅವಳ ಕುತ್ತಿಗೆ ಹಿಡಿಯಿತು. ಬಲಗಿವಿಯ ಕೆಳಗಿಂದ ಭುಜದವರೆಗೆ ಕಟ್ಟಿಗೆಯಂತೆ ಬಿಗಿ. ಯಾರಾದರೂ ಬಲಗಡೆಯಿಂದ ಕರೆದರೆ ಕುರ್ಚಿ ಸಮೇತ ತಿರುಗುತ್ತಿದ್ದಳು.

ಅವಳ ಕುತ್ತಿಗೆಯ ವಿಷಯದಲ್ಲಿ ಮೊದಲು ಮಾತಾಡಿದವನು ನಾನೇ. ಔಷಧಿ ಅಂಗಡಿಗೆ ಹೋಗಿ ಕುತ್ತಿಗೆ ಪಟ್ಟಿ ತಂದು ಕಟ್ಟಿದೆ. ಕಲಬುರಗಿಯ ಬಿಸಿಲಿಗೆ ಅದರೊಳಗೆ ಬೆವರುಸಾಲೆ ಎದ್ದಿತು. ಆಮೇಲೆ ನಾನೇ ತೀರ್ಪನ್ನೂ ಕೊಟ್ಟೆ: ಸ್ವಯಂ ನಿವೃತ್ತಿ. ನೆಂಟರಿಗೆ ಹೇಳಿದೆ, ಓಣಿಯವರಿಗೆ ಹೇಳಿದೆ, ತರಕಾರಿಯವನಿಗೂ ಹೇಳಿದೆ. "ಇನ್ನ ಸಾಕ್ರೀ, ಆಕಿ ಮನ್ಯಾಗ ಆರಾಮ ಇರ್ಲಿ." ಪಾಪ, ಎಷ್ಟು ಕಾಳಜಿಯ ಗಂಡ ಎಂದರು ಎಲ್ಲರೂ. ನನಗೂ ಹಾಗೇ ಅನಿಸಿತು. ಅವಳು ಮಾತ್ರ, "ನೋಡೂಣ್ರಿ" ಎಂದಳು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವರ ಬಾಯಲ್ಲಿ 'ನೋಡೋಣ' ಅಂದರೆ ಏನರ್ಥ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಡೆಗೆ ಅವಳೇ ಹುಡುಕಿಕೊಂಡು ಹೋದದ್ದು ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ. ಮೂವತ್ತರ ಆಸುಪಾಸಿನ, ಕಲಬುರಗಿಯ ಶಹಾಬಜಾರದಲ್ಲೇ ಹುಟ್ಟಿ ಬೆಳೆದ, ಮನೆಯಲ್ಲಿ ಉರ್ದು ಆಡುವ ಹೆಣ್ಣುಮಗಳು. ನಾನೂ ಜೊತೆಗೆ ಹೋದೆ. ಆಕೆ ಪಟ್ಟಿ ಬಿಚ್ಚಿ, ಹೆಂಡತಿಯ ಕುತ್ತಿಗೆಯನ್ನು ಅತ್ತ ಇತ್ತ ತಿರುಗಿಸಿ, ಕೈಯಲ್ಲಿ ಜುಮುಜುಮು ಇದೆಯೇ, ಬೆರಳು ಮರಗಟ್ಟುತ್ತವೆಯೇ, ಹಿಡಿತ ಸಡಿಲಾಗಿದೆಯೇ ಎಂದೆಲ್ಲ ಕೇಳಿದಳು. ಇಲ್ಲ ಎಂದ ಮೇಲೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

"ಇದು ನರದ ಬ್ಯಾನಿ ಕಾಣವಲ್ದು ಅಂಕಲ್. ಕುಂತಲ್ಲೇ ಕುಂತು ಸ್ನಾಯು ಬಿಗೀ ಆಗ್ಯಾವ. ಅರ್ಧ ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು. ಕುರ್ಚಿ ಮ್ಯಾಲೆ ಕುಂತೇ ಮಾಡೂ ಕಸರತ್ತು ಹೇಳ್ತೀನಿ, ದಿನಾ ಎರಡು ಸಲ ಮಾಡ್ಲಿ. ಕೆಲವು ವಾರ ನೋಡೂಣು."

"ಆಮ್ಯಾಗ ನೌಕರಿ ಮಾಡಬಹುದೇನ್ರಿ?" ಎಂದು ಹೆಂಡತಿ ಕೇಳಿದಳು.

"ಇದು ಹತೋಟಿಗೆ ಬಂದ್ರ ಯಾಕ ಆಗಂಗಿಲ್ಲ? ಬರ್ಲಿಲ್ಲಂದ್ರ ಮತ್ತ ವಿಚಾರ ಮಾಡೂಣು."

ಅಲ್ಲಿಗೆ ಪಂದ್ಯ ಕಟ್ಟಿದಂತಾಯಿತು. ಕಸರತ್ತು ಗೆದ್ದರೆ ಅವಳು ಶಿರಸ್ತೇದಾರಳು, ಸೋತರೆ ನಾನು ಹೇಳಿದಂತೆ ಮನೆಯಲ್ಲಿ ಆರಾಮ. ನಾನು ಯಾವ ಕಡೆ ಇದ್ದೆ ಎಂದು ಕೇಳಿದರೆ ಬಾಯಲ್ಲಿ ಕಸರತ್ತಿನ ಕಡೆ, ಒಳಗೊಳಗೆ ನನ್ನ ತೀರ್ಪಿನ ಕಡೆ. ತೀರ್ಪು ಕೊಟ್ಟವನಿಗೆ ಅದು ನಿಜವಾಗಲಿ ಅನಿಸುವುದು ಸಹಜ.

ಅದೇ ದಿನ ನನಗೂ ಒಂದು ಕೆಲಸ ಸಿಕ್ಕಿತು. ಡಾಕ್ಟರಮ್ಮನ ರೋಗಿಗಳಲ್ಲಿ ಅರ್ಧಕ್ಕರ್ಧ ಗುಮಾಸ್ತರು. ಒಬ್ಬೊಬ್ಬರಿಗೂ ಅದದೇ ಹೇಳಿ ಆಕೆಗೆ ಸಾಕಾಗಿತ್ತು. ಕಚೇರಿಯವರಿಗೆಂದೇ ನಾಲ್ಕು ನಿಮಿಷದ ಒಂದು ವಿಡಿಯೋ ಮಾಡಬೇಕು, ಕನ್ನಡದಲ್ಲಿ ಒಳ್ಳೆಯ ದನಿ ಬೇಕು ಎಂದಳು. ನಾನು ಗಂಟಲು ಸರಿಮಾಡಿಕೊಂಡೆ.

ಆಕೆ ಒಂದು ಕಾಗದ ತೆಗೆದಳು. ಮೂರು ಕಾಲಮ್ಮಿನ ಪಟ್ಟಿ. ಎಡಕ್ಕೆ ಸೆಕೆಂಡು, ನಡುವೆ ಮೈ ಏನು ಮಾಡಬೇಕು, ಬಲಕ್ಕೆ ನಾನು ಏನು ಹೇಳಬೇಕು.

"ಒಂದೊಂದು ಸಾಲು ಒಂದೊಂದು ಬೀಟ್ ಅಂಕಲ್. ಒಂದು ಬೀಟಿಗೆ ಒಂದೇ ಮಾತು, ಒಂದೇ ಚಲನೆ. ಕುರ್ಚಿ ಅಂಚು ಹಿಡೀರಿ, ಒಂದು ಬೀಟ್. ಎಡಗಿವಿ ಎಡಭುಜದ ಕಡೆ ತರ್ರಿ, ಇನ್ನೊಂದು ಬೀಟ್. ಅಲ್ಲೇ ಇರ್ರಿ, ಇದು ಉದ್ದ ಬೀಟ್. ನಡುವ ತರ್ರಿ, ಮತ್ತೊಂದು. ಮಾತು ಚಲನಿಗಿಂತ ಕೂದಲೆಳಿ ಮುಂದ ಇರ್ಬೇಕು, ಕೇಳಿಸ್ಕೊಂಡು ಮಾಡ್ಲಿಕ್ಕ. ಭಾಳ ಮುಂದ ಬ್ಯಾಡ."

ಬೀಟ್ ಎಂದರೆ ನನಗೆ ಗೊತ್ತಿದ್ದದ್ದು ಪೊಲೀಸರದ್ದು. ಆದರೂ ದೊಡ್ಡ ಪಂಡಿತನಂತೆ ತಲೆಯಾಡಿಸಿ ಕಾಗದ ಮನೆಗೆ ತಂದೆ. ಓದುತ್ತಾ ಹೋಗಿ ಒಂದು ಕಡೆ ತಡೆದೆ. 'ಅಲ್ಲೇ ಇರಿ' ಎಂಬ ಸಾಲಿನ ಎದುರಿಗೆ ಹದಿನೈದು ಸೆಕೆಂಡು ಎಂದು ಬರೆದಿತ್ತು. ಬಲಗಡೆ ಎರಡೇ ಪದ, ಆಮೇಲೆ ಖಾಲಿ. ಹದಿನೈದು ಸೆಕೆಂಡಿನ ಖಾಲಿ! ಅಷ್ಟು ಹೊತ್ತಿನಲ್ಲಿ ನಾನು ವಿಜಯಪುರ, ರಾಯಚೂರು, ಬೀದರಗಳ ಉಷ್ಣಾಂಶ ಹೇಳಿ ಮುಗಿಸುತ್ತಿದ್ದೆ. ಗದ್ದ ಹಿಂದಕ್ಕೆ ಎಳೆಯುವುದಕ್ಕೆ ಐದು ಸೆಕೆಂಡು ಖಾಲಿ, ಬೆನ್ನಿನ ರೆಕ್ಕೆಮೂಳೆಗಳನ್ನು ಹತ್ತಿರ ತರುವುದಕ್ಕೆ ಐದು ಖಾಲಿ, ಮಣಿಕಟ್ಟಿಗೆ ಮತ್ತೆ ಹದಿನೈದು. ಈ ಹೆಣ್ಣುಮಗಳಿಗೆ ಬರೆಯಲು ಮಾತು ಸಿಕ್ಕಿಲ್ಲ, ಪಾಪ, ಎಂದುಕೊಂಡು ಪೆನ್ನು ತೆಗೆದೆ.

ಖಾಲಿ ಜಾಗಗಳಿಗೆಲ್ಲ ನಾನು ಹೂವು ಮುಡಿಸಿದೆ. 'ಅಲ್ಲೇ ಇರಿ' ಎಂಬುದರ ಮುಂದೆ, 'ಆಹಾ, ಎಂಥ ಹಿತ! ಫೈಲುಗಳ ಭಾರ ಇಳಿಯುತ್ತಿದೆ, ಮುಖದಲ್ಲಿ ನಗು ತನ್ನಿ, ಕಣ್ಣು ತೆರೆಯಿರಿ, ಮುಚ್ಚಿರಿ, ಜೀವನ ಮುಂದೆ ಸಾಗಲಿ' ಎಂದು ಬರೆದೆ. ಇಷ್ಟೆಲ್ಲ ಹೇಳಲು ಸಮಯ ಸಾಲದಿದ್ದಾಗ ಮುಂದಿನ ಬೀಟನ್ನು ಸ್ವಲ್ಪ ಮುಂಚೆಯೇ ಎಳೆದುಕೊಂಡೆ. ರೇಡಿಯೋದಲ್ಲಿ ವಾರ್ತೆಗೆ ಮೊದಲು ಎಲ್ಲರೂ ಮಾಡುವುದು ಅದೇ. ಫೋನಿನಲ್ಲಿ ರೆಕಾರ್ಡ್ ಮಾಡಿ ಹೆಂಡತಿಗೆ ಕೊಟ್ಟೆ. ಸ್ಟುಡಿಯೋ ಸಿಗುವವರೆಗೆ ಇದನ್ನೇ ಹಾಕಿಕೊಂಡು ಮಾಡು ಎಂದೆ. ಅವಳು ಕಮಲಾಪುರದಲ್ಲಿ ದಿನಾ ಎರಡು ಸಲ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಗಂಡನ ದನಿಗೆ ತಕ್ಕಂತೆ ಕುತ್ತಿಗೆ ಆಡಿಸಿದಳು.

ಎರಡು ವಾರ ಕಳೆಯಿತು. ಕುತ್ತಿಗೆ ಸುಧಾರಿಸಲಿಲ್ಲ. ಸ್ವಲ್ಪ ಹೆಚ್ಚೇ ಆಯಿತು.

"ನಾ ಹೇಳಿಲ್ಲೇನು?" ಎಂದೆ. ಈ ಎರಡು ಪದಗಳನ್ನು ಹೇಳುವಾಗ ಸಿಗುವ ಸುಖ ಕೆಟ್ಟದ್ದು. ಅವಳು ಮಂಚದ ಮೇಲೆ ಒರಗಿಕೊಂಡು ಬಿಸಿನೀರಿನ ಚೀಲವನ್ನು ಭುಜಕ್ಕೆ ಒತ್ತಿಕೊಂಡಿದ್ದಳು. ನಾನು ಆ ಸಂಜೆಯೇ ನನ್ನ ಮುದ್ದಾದ ಅಕ್ಷರದಲ್ಲಿ ಸ್ವಯಂ ನಿವೃತ್ತಿಯ ಅರ್ಜಿ ಬರೆದು ಅವಳ ಮುಂದಿಟ್ಟೆ. ಕಾಗದದ ಮೇಲೆ ಅವಳು ಕಣ್ಣಾಡಿಸಿದಳು. "ಇದರಾಗ ಒಂದು ಕಲಂ ತಪ್ಪು ಅದ" ಎಂದಳು. ಅಷ್ಟೇ. ಸಹಿಯನ್ನೂ ಮಾಡಲಿಲ್ಲ, ತಪ್ಪನ್ನೂ ತೋರಿಸಲಿಲ್ಲ.

ಮರುದಿನ ಡಾಕ್ಟರಮ್ಮ ಫೋನು ಮಾಡಿದಳು. ಸ್ಟುಡಿಯೋದಲ್ಲಿ ದನಿ ಕೂಡಿಸುವ ಮೊದಲು ನಿಜವಾದ ಕಚೇರಿಯಲ್ಲಿ ಒಮ್ಮೆ ಪರೀಕ್ಷೆ ಮಾಡೋಣ, ಮೇಡಂ ಅವರ ಕಚೇರಿಯೇ ಆಗಲಿ, ಊಟದ ಬಿಡುವಿನಲ್ಲಿ. ಸಾಹೇಬರ ಅಪ್ಪಣೆಯನ್ನು ಹೆಂಡತಿ ತಂದಳು. ಲಿಖಿತವಾಗಿ ತಂದಳು.

ಕಮಲಾಪುರದ ಆ ಹಾಲಿನಲ್ಲಿ ಒಂಬತ್ತು ಜನ ಊಟ ಮುಗಿಸಿ ಕುರ್ಚಿ ತಿರುಗಿಸಿಕೊಂಡು ಕೂತಿದ್ದರು. ಯಾರದೋ ಮೇಜಿನ ಮೇಲೆ ಕೆಂಪು ಬಾಳೆಹಣ್ಣಿನ ಸಿಪ್ಪೆ ಇನ್ನೂ ಬಿದ್ದಿತ್ತು. ಹೆಂಡತಿಯ ಕಂಪ್ಯೂಟರು ಕೂತದ್ದು ಹಳೇ ಕಡತಗಳ ಎರಡು ಕಟ್ಟಿನ ಮೇಲೆ. ಪರದೆ ಕಣ್ಣಿನ ಮಟ್ಟಕ್ಕೆ ಬರಲಿ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಅವಳು ಮಾಡಿಕೊಂಡ ಏರ್ಪಾಡು. ಆ ಕಡತಗಳು ಜನಕ್ಕೆ ಉಪಕಾರವಾದದ್ದು ಬಹುಶಃ ಅದೇ ಮೊದಲು.

ಡಾಕ್ಟರಮ್ಮ ಎದುರಿಗೆ ಕುರ್ಚಿ ಹಾಕಿ ಕೂತಳು. ನೋಡುವವರಿಗೆ ಕನ್ನಡಿಯಂತೆ ಕಾಣಲಿ ಎಂದು ದನಿ 'ಎಡ' ಅಂದಾಗ ತಾನು ಬಲಕ್ಕೆ ಬಾಗುವ ಅಭ್ಯಾಸ ಮಾಡಿಕೊಂಡು ಬಂದಿದ್ದಳು. ನಾನು ಸ್ಪೀಕರಿಗೆ ಫೋನು ಸಿಕ್ಕಿಸಿ, ಮೆಚ್ಚುಗೆಗೆ ತಯಾರಾಗಿ ಗೋಡೆಗೆ ಒರಗಿದೆ.

ದನಿ ಶುರುವಾಯಿತು. ಬಲಗೈಯಿಂದ ಕುರ್ಚಿಯ ಅಂಚು ಹಿಡಿಯಿರಿ. ಒಂಬತ್ತು ಕೈ ಒಂಬತ್ತು ಕುರ್ಚಿ ಹಿಡಿದವು. ಎಡ ಕಿವಿಯನ್ನು ಎಡ ಭುಜದತ್ತ ತನ್ನಿ. ಒಂಬತ್ತು ತಲೆ ಬಾಗಿದವು. ನನಗೆ ಹೆಮ್ಮೆಯಾಯಿತು. ಸರ್ಕಾರ ಇಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಲ್ಲೇ ಇರಿ, ಎಂದಿತು ನನ್ನ ದನಿ. ಬೆನ್ನಿಗೇ, ಆಹಾ, ಎಂಥ ಹಿತ. ಫೈಲುಗಳ ಭಾರ ಇಳಿಯುತ್ತಿದೆ. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಗುಮಾಸ್ತರೊಬ್ಬರು ಕುರ್ಚಿ ಹಿಡಿದ ಕೈ ಬಿಟ್ಟು ಭುಜ ಇಳಿಸಿ ಕೂತರು. ಮುಖದಲ್ಲಿ ನಗು ತನ್ನಿ. ಎಲ್ಲರೂ ತಲೆ ಎತ್ತಿ ನಕ್ಕರು. ಕಣ್ಣು ತೆರೆಯಿರಿ, ಮುಚ್ಚಿರಿ. ತೆರೆದರು, ಮುಚ್ಚಿದರು. ಈಗ ಇನ್ನೊಂದು ಕಡೆ. ಒಂಬತ್ತು ಜನ ಧಡಕ್ಕನೆ ಬಲಕ್ಕೆ ಬಿದ್ದರು.

ಡಾಕ್ಟರಮ್ಮ ಒಬ್ಬಳೇ ಇನ್ನೂ ಮೊದಲ ಕಡೆಯೇ ಬಾಗಿಕೊಂಡು ಕೂತಿದ್ದಳು. ಎತ್ತು ಏರಿಗೆ, ಕೋಣ ನೀರಿಗೆ. ಕಣ್ಣ ಮುಂದೆ ಡಾಕ್ಟರು ಅಲ್ಲಾಡದೆ ಕೂತಿದ್ದರೂ ಅವರು ಕೇಳಿದ್ದು ದನಿಯನ್ನೇ. ಮೇಲಿನಿಂದ ಬಂದ ಆದೇಶ ಎದುರಿಗಿರುವ ಮನುಷ್ಯನಿಗಿಂತ ದೊಡ್ಡದು, ಅಷ್ಟು ಸರ್ವಿಸು ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆಕೆ ಎದ್ದು ಸ್ಪೀಕರು ಬಂದ್ ಮಾಡಿದಳು. ಕೈಗಡಿಯಾರ ನೋಡಿಕೊಂಡಿದ್ದಳು.

"ಐದು ಸೆಕೆಂಡಿಗೆ ಕುತ್ತಿಗಿ ಎತ್ತಿಸಿದ್ರಿ ಅಂಕಲ್. ಹದಿನೈದು ಬರ್ದು ಕೊಟ್ಟಿದ್ನಿ."

"ನಡುವ ಖಾಲಿ ಇತ್ತಲ್ಲಮ್ಮ."

"ಅದು ಖಾಲಿ ಅಲ್ರಿ. ಔಷಧ ಇರೂದೇ ಅಲ್ಲಿ. ಬಿಗೀ ಸ್ನಾಯು ಒಮ್ಮೆಲೇ ಬಿಡಂಗಿಲ್ಲ, ನಿಧಾನ ಬಿಡ್ತದ. ಬಿಡೂ ಹೊತ್ತಿಗೆ ನೀವು ಜಗ್ಗಿ ಆ ಕಡಿ ಒಗದ್ರ ಅದು ಮತ್ತಿಷ್ಟು ಬಿಗೀತದ." ಆಕೆ ಹೆಂಡತಿಯ ಕಡೆ ತಿರುಗಿದಳು. "ಮೇಡಂ, ಎರಡು ವಾರ ನೀವು ಇದ್ರ ಮ್ಯಾಲೇ ಮಾಡಿದ್ರೇನು? ಹಿಂಗ ಧಡಾ ಧಡಾ?"

"ಹೌದ್ರಿ" ಎಂದಳು ನನ್ನ ಹೆಂಡತಿ. ಕೈ ಭುಜದ ಮೇಲಿತ್ತು. "ಹೇಳಿದಷ್ಟು ಮಾಡೇನಿ."

"ನನ್ನ ಕೇಳಬೇಕಿತ್ತಲ್ರಿ, ಇಷ್ಟು ಜಲ್ದಿ ಯಾಕಂತ."

"ಮನ್ಯಾಗೂ ಇವ್ರು ಹಿಂಗೇ ಮಾತಾಡ್ತಾರ. ನಡುವ ಕೇಳ್ಲಿಕ್ಕೆ ಜಾಗಾ ಎಲ್ಲೈತ್ರಿ?"

ಹಾಲಿನಲ್ಲಿ ನಗೆ ಎದ್ದಿತು. ಹಿರಿಯ ಗುಮಾಸ್ತರು ಕೆಮ್ಮುವವರೆಗೆ ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ಲೆಕ್ಕ ಹಾಕಿದೆ. ಅವಳ ಕುತ್ತಿಗೆಯನ್ನು ಎರಡು ವಾರ ಕೆಡಿಸಿದವನು ನಾನು. ಕೆಡಿಸಿ, ಕೆಟ್ಟಿದೆ ನೋಡು ಎಂದು ಅರ್ಜಿ ಬರೆದವನೂ ನಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಜ್ವರ ಬರಿಸಿದವನೂ ನಾನು, ಬರೆಯ ಕಬ್ಬಿಣ ಕಾಯಿಸಿದವನೂ ನಾನು.

ಅಂದು ರಾತ್ರಿ ಊಟಕ್ಕೆ ಕೂತಾಗ ಹೆಚ್ಚು ಮಾತಾಡಬಾರದು ಎಂದುಕೊಂಡೆ. ಎರಡನೇ ರೊಟ್ಟಿಯವರೆಗೆ ತಡೆದೆ. ಆಮೇಲೆ ಮಾತು ಕಡಿಮೆ ಮಾಡುವುದು ಎಷ್ಟು ಒಳ್ಳೆಯದು ಎಂಬುದರ ಬಗ್ಗೆ ದೀರ್ಘವಾಗಿ ಮಾತಾಡಿದೆ.

ಮುಂದಿನ ಭಾನುವಾರ ಶಹಾಬಜಾರದ ಸ್ಟುಡಿಯೋದಲ್ಲಿ ಹೊಸದಾಗಿ ದನಿ ಕೂಡಿಸಬೇಕಿತ್ತು. ಸ್ಟುಡಿಯೋ ಎಂದರೆ ಮದುವೆ ವಿಡಿಯೋ ಮಾಡುವವರೊಬ್ಬರ ಮಾಳಿಗೆಯ ಕೋಣೆ. ಸದ್ದು ಬರದಿರಲಿ ಎಂದು ನಾಲ್ಕೂ ಗೋಡೆಗೆ ಕೌದಿ ತೂಗು ಹಾಕಿದ್ದರು. ಆದರೂ ಪಕ್ಕದ ಮನೆಯ ಕುಕ್ಕರು ಸೀಟಿ ಹೊಡೆದರೆ ನಿಲ್ಲಿಸಬೇಕು, ಓಣಿಯಲ್ಲಿ ಆಟೋ ಹೋದರೆ ನಿಲ್ಲಿಸಬೇಕು. ಫ್ಯಾನು ಹಾಕುವಂತಿಲ್ಲ. ವಿಡಿಯೋದವರು ಬನಿಯನ್ನಿನ ಮೇಲೆ ಟವೆಲು ಹೊದ್ದು ಲ್ಯಾಪ್‌ಟಾಪಿನ ಹಿಂದೆ ಕೂತಿದ್ದರು.

ಮೊದಲು ದನಿ, ಆಮೇಲೆ ಅದಕ್ಕೆ ತಕ್ಕಂತೆ ಚಿತ್ರ ಎಂದು ಡಾಕ್ಟರಮ್ಮ ತೀರ್ಮಾನಿಸಿದ್ದಳು. ನನ್ನನ್ನು ನಂಬುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಆದ್ದರಿಂದ ನನ್ನ ಎದುರಿಗೆ ಒಂದು ಕುರ್ಚಿ ಹಾಕಿ ಅದರಲ್ಲಿ ನನ್ನ ಹೆಂಡತಿಯನ್ನು ಕೂರಿಸಿದಳು.

"ಮೇಡಂ ಕಸರತ್ತು ಮಾಡ್ತಾರ. ನೀವು ಒಂದು ಸಾಲು ಓದ್ರಿ, ಅವ್ರನ್ನ ನೋಡ್ರಿ. ಮನಸಿನ್ಯಾಗ ಎಣಸ್ರಿ. ಹದಿನೈದು ಆಗೂತನಕ ತುಟಿ ಬಿಚ್ಚಬ್ಯಾಡ್ರಿ."

ನನ್ನ ಹೂವುಗಳನ್ನೆಲ್ಲ ಕೆಂಪು ಪೆನ್ನಿನಿಂದ ಹೊಡೆದುಹಾಕಿದ್ದಳು. 'ಭುಜ ಎತ್ತಬೇಡಿ' ಎಂದು ನಾನು ಬರೆದಿದ್ದ ಕಡೆ 'ಭುಜ ಸಡಿಲ ಬಿಡಿ' ಎಂದು ತಿದ್ದಿದ್ದಳು. ಬೇಡ ಎನ್ನುವುದರೊಳಗೆ ಕಮಲಾಪುರದವರು ಭುಜ ಎತ್ತಿಯಾಗಿತ್ತಂತೆ. ಕೈ ಜುಮುಗುಟ್ಟಿದರೆ, ನೋವು ಹೆಚ್ಚಾದರೆ ನಿಲ್ಲಿಸಿ ಎಂಬ ಸಾಲನ್ನು ಮೊದಲಿಗೇ ಸೇರಿಸಿದ್ದಳು. ಮಿಕ್ಕಂತೆ ನನ್ನ ಪಾಲಿಗೆ ಉಳಿದದ್ದು ಗಟ್ಟಿಯಾಗಿ ಓದಿದರೆ ಒಂದು ನಿಮಿಷಕ್ಕೂ ಸಾಲದಷ್ಟು ಮಾತು.

ಗದ್ದವನ್ನು ಕೆಳಗೆ ಬಾಗಿಸದೆ ನೇರ ಹಿಂದಕ್ಕೆ ಎಳೆಯುವುದು ಮೊದಲು. ಓದಿದೆ. ಅವಳು ಎಳೆದಳು. ಐದು ಎಣಿಸುವುದರೊಳಗೆ ನನ್ನ ನಾಲಗೆ ಎರಡು ಸಲ ಹಲ್ಲಿನವರೆಗೆ ಬಂದು ವಾಪಸು ಹೋಯಿತು. ವಿಡಿಯೋದವರು ಹೆಬ್ಬೆರಳು ತೋರಿಸಿದರು.

ಆಮೇಲೆ ಕುತ್ತಿಗೆಯ ಸರದಿ. ಬಲಗೈಯಿಂದ ಕುರ್ಚಿಯ ಅಂಚು ಹಿಡಿಯಿರಿ. ಹಿಡಿದಳು. ಎಡ ಕಿವಿಯನ್ನು ಎಡ ಭುಜದತ್ತ ತನ್ನಿ. ತಂದಳು. ಅಲ್ಲೇ ಇರಿ. ಅವಳು ಕಣ್ಣು ಮುಚ್ಚಿದಳು.

ಒಂದು, ಎರಡು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳ ಮುಖವನ್ನು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನೋಡಿದ್ದು ನೆನಪಿಲ್ಲ. ನಾಲ್ಕರ ಹೊತ್ತಿಗೆ ಹುಬ್ಬಿನ ನಡುವಿನ ಗಂಟು ಸಡಿಲವಾಯಿತು. ಆರಕ್ಕೆ ಬಲಭುಜ ತಾನಾಗಿಯೇ ಬೆರಳಿನಷ್ಟು ಕೆಳಗಿಳಿಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಡಾಕ್ಟರಮ್ಮನೂ ಕಂಡು ನನ್ನ ಕಡೆ ನೋಡಿದಳು. ಏಳು, ಎಂಟು.

"ನಾ ನೌಕರಿ ಬಿಡಂಗಿಲ್ರಿ" ಎಂದಳು ಹೆಂಡತಿ.

ಕಣ್ಣು ಮುಚ್ಚಿಕೊಂಡೇ, ತಲೆ ಬಾಗಿಸಿಕೊಂಡೇ ಹೇಳಿದಳು. ದನಿಯಲ್ಲಿ ಜಗಳ ಇರಲಿಲ್ಲ. "ಕುತ್ತಿಗಿ ನೆಟ್ಟಗ ಆಗ್ಲಿ, ಆಗದಿರ್ಲಿ. ನನಗ ಆ ಕೆಲಸ ಬೇಕು. ಯಾವಾಗ ಹೇಳ್ಬೇಕು ತಿಳೀಲಿಲ್ಲ, ಅದಕ್ಕ ಈಗ ಹೇಳ್ದೆ."

ಲ್ಯಾಪ್‌ಟಾಪಿನ ಹಿಂದಿನಿಂದ ವಿಡಿಯೋದವರ ಕೈ ಮೇಲೆದ್ದಿತು. ಟೇಕ್ ಕೆಟ್ಟಿತು, ಮತ್ತೆ ಶುರು ಮಾಡೋಣವೇ ಎಂಬ ಸನ್ನೆ. ಡಾಕ್ಟರಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.

ನನಗೆ ನಾಚಿಕೆಯಾಯಿತು. ಹೇಳುವುದಕ್ಕೆ ಬೇಕಾದಷ್ಟಿತ್ತು. ನಿನ್ನ ಒಳ್ಳೆಯದಕ್ಕೇ ಅಂದದ್ದು, ನೀನು ಮೊದಲೇ ಹೇಳಬಾರದಿತ್ತೇ, ಆ ಅರ್ಜಿ ಸುಮ್ಮನೆ ಬರೆದದ್ದು. ಎಣಿಕೆ ತಪ್ಪಿ ಹೋಗಿತ್ತು. ಎಲ್ಲಿಂದ ಹಿಡಿಯಬೇಕೋ ತಿಳಿಯದೆ ಮತ್ತೆ ಒಂದರಿಂದ ಎಣಿಸಿದೆ. ಅವಳು ಅಲ್ಲೇ ಇದ್ದಳು. ಹದಿನೈದಾದ ಮೇಲೆ ಕಾಗದ ನೋಡಿ, ಮುಂದಿನ ಸಾಲು ಇದ್ದದ್ದು ಇದ್ದ ಹಾಗೆ ಓದಿದೆ: "ನಿಧಾನವಾಗಿ ತಲೆಯನ್ನು ನಡುವಿಗೆ ತನ್ನಿ."